64,000 ಪದದ ಪಲ್ಪರ್ ಮ್ಯಾನ್ಯುಯಲ್ ಕನ್ನಡಕ್ಕೆ: ಎಷ್ಟು ದಿನ, ಎಷ್ಟು ದುಡ್ಡು ಹೇಳಲಿ?

ಗೋಣಿಕೊಪ್ಪದಿಂದ
ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ವಾಷರ್, ಡ್ರೈಯರ್ ಮೂರೂ ಸೇರಿದ ಒಂದು ಕಾಫಿ ಯಂತ್ರ ಘಟಕದ ಮ್ಯಾನ್ಯುಯಲ್ ಇಂಗ್ಲಿಷಿನಿಂದ ಕನ್ನಡಕ್ಕೆ ಆಗಬೇಕಂತೆ. ಜೋಡಣೆ, ಓಡಿಸುವುದು, ನಿರ್ವಹಣೆ, ವಿದ್ಯುತ್ ಭಾಗ, ಬಿಡಿಭಾಗದ ಪಟ್ಟಿ ಎಲ್ಲ ಸೇರಿ 210 ಪುಟ. ವರ್ಡ್‌ನಲ್ಲಿ ಎಣಿಸಿದರೆ 64,000 ಪದ. ಓದುವವರು ತೋಟದ ಮಿಷನ್ ಆಪರೇಟರ್‌ಗಳು, ಲೆಕ್ಕ ಬರೆಯುವ ರೈಟರ್‌ಗಳು. ಪದಪಟ್ಟಿ ನಾನೇ ಮಾಡಬೇಕು, ಅವರ ಕಡೆಯಿಂದ ಎರಡು ಸುತ್ತು ಪರಿಶೀಲನೆ ಇರುತ್ತದೆ. ಕಂಪನಿಯವರು ಆರು ವಾರ ಅನ್ನುತ್ತಿದ್ದಾರೆ. ದಿನಕ್ಕೆ 2,000 ಪದ ಹಿಡಿದು 32 ದಿನ, ಪದಕ್ಕೆ ಒಂದೂವರೆ ರೂಪಾಯಿಯಂತೆ 96,000 ಅಂತ ಲೆಕ್ಕ ಹಾಕಿದ್ದೇನೆ. ನಾಳಿದ್ದು ಕೊಟೇಶನ್ ಕೊಡಬೇಕು. ಸರಿ ಇದೆಯಾ?

ಮಡಿಕೇರಿ ಮಂಜು
ಸರಿಯೇ ಇದೆ. ಪದ ಹುಡುಕೋದಕ್ಕೆ ಅಂತ ಒಟ್ಟಿನ ಮೇಲೆ ಶೇ. 20 ಸೇರಿಸಿ ಕಳಿಸಿ.

ಹಳೇ ಕರಡು
ಮಂಜು, ಶೇಕಡಾ ಹಿಡಿದರೆ ಇಲ್ಲಿ ಎಡವಟ್ಟಾಗುತ್ತದೆ. ಪದಗಳ ಸಂಖ್ಯೆ ಹೆಚ್ಚಿದ ಹಾಗೆ ಪರಿಭಾಷೆ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಇದೇ ಯಂತ್ರದ್ದು 6,000 ಪದದ ಚಿಕ್ಕ ಕೈಪಿಡಿ ಇದ್ದಿದ್ದರೆ ಅದರಲ್ಲೂ ಇನ್ನೂರು ಮುನ್ನೂರು ಪಾರಿಭಾಷಿಕ ಪದ ಇರುತ್ತಿತ್ತು. 64,000ಕ್ಕೆ ಅದು ಹತ್ತು ಪಟ್ಟಾಗುವುದಿಲ್ಲ, ನಾನೂರು ಐನೂರರಲ್ಲಿ ನಿಲ್ಲುತ್ತದೆ. ಚಿಕ್ಕ ಕೆಲಸಕ್ಕೆ ಶೇ. 20 ಸಾಲುವುದೇ ಇಲ್ಲ, ದೊಡ್ಡದಕ್ಕೆ ಕೆಲವೊಮ್ಮೆ ಹೆಚ್ಚಾಗುತ್ತದೆ. ಪದವನ್ನು ಬೇರೆ ಎಣಿಸಬೇಕು, ಪರಿಭಾಷೆಯನ್ನು ಬೇರೆ ಎಣಿಸಬೇಕು.

ಗೋಣಿಕೊಪ್ಪದವರೇ, ಮೊದಲು ಒಂದು ವಿಷಯ. ವರ್ಡ್ ಕೊಟ್ಟ 64,000 ಎಲ್ಲಿಂದ ಬಂತು? ಅವರು ಕೊಟ್ಟಿದ್ದು ಪಿಡಿಎಫ್ ಆಗಿದ್ದು, ನೀವೇ ವರ್ಡ್‌ಗೆ ತಿರುಗಿಸಿ ಎಣಿಸಿದ್ದರೆ ಆ ಸಂಖ್ಯೆಯನ್ನು ನಂಬಬೇಡಿ.

ಗೋಣಿಕೊಪ್ಪದಿಂದ
ಹೌದು, ಪಿಡಿಎಫ್ ತಿರುಗಿಸಿದ್ದು.

ಕುಶಾಲನಗರ ಡಿಟಿಪಿ
ಅಲ್ಲಿಗೆ ಮೂರು ತೊಂದರೆ. ಒಂದು, ಪಿಡಿಎಫ್‌ನಿಂದ ತಿರುಗಿಸಿದಾಗ ಪ್ರತಿ ಸಾಲಿನ ಕೊನೆಗೆ ವಾಕ್ಯ ತುಂಡಾಗುತ್ತದೆ. ಅನುವಾದ ತಂತ್ರಾಂಶಕ್ಕೆ ಹಾಕಿದರೆ ಅರ್ಧ ಅರ್ಧ ವಾಕ್ಯ ಬರುತ್ತದೆ, ಪುನರಾವರ್ತನೆ ಹಿಡಿಯುವುದಕ್ಕೇ ಆಗುವುದಿಲ್ಲ. ಎರಡು, ಚಿತ್ರದೊಳಗೆ ಬಾಣ ಹಾಕಿ ಬರೆದ ಹೆಸರುಗಳು ಚಿತ್ರದ ಭಾಗವಾಗಿಯೇ ಇದ್ದರೆ ಎಣಿಕೆಗೆ ಬರುವುದೇ ಇಲ್ಲ. ಪಲ್ಪರ್ ಬಿಡಿಸಿ ತೋರಿಸಿದ ಒಂದೊಂದು ಚಿತ್ರದಲ್ಲಿ ಮೂವತ್ತು ನಲವತ್ತು ಹೆಸರಿರುತ್ತದೆ. ಮೂರು, ಬಿಡಿಭಾಗದ ಪಟ್ಟಿಯ ಪಾರ್ಟ್ ನಂಬರುಗಳನ್ನೂ ಅದು ಪದ ಅಂತಲೇ ಎಣಿಸುತ್ತದೆ.

ಮ್ಯಾನ್ಯುಯಲ್ ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಆಗಿದ್ದರೆ ಅದರ ಪಠ್ಯ ಹಾಗೇ ಸಿಗುವ ಐಡಿಎಂಎಲ್ ಕಡತ ಕೇಳಿ. ಕೊಡಲ್ಲ ಅಂದರೆ ಪುಟ ಕಟ್ಟುವ ಕೆಲಸ ಯಾರದ್ದು ಅಂತ ಈಗಲೇ ಬರೆಸಿಕೊಳ್ಳಿ. ಕೊನೆಗೆ "ಹಾಗೇ ಸ್ವಲ್ಪ ಸೆಟ್ ಮಾಡಿ ಕೊಡಿ" ಅಂತಾರೆ. ಆ "ಸ್ವಲ್ಪ" 210 ಪುಟ.

ವಿರಾಜಪೇಟೆ ಪೊನ್ನಪ್ಪ
ಪುಟಕ್ಕೆ ಇಷ್ಟು ಅಂತ ಹೇಳಿದರೆ ಮುಗೀತಲ್ಲ? ನಮ್ಮ ಜಮ್ಮಾ ಬಾಣೆ ಜಮೀನಿನ ಹಳೇ ಪತ್ರಗಳನ್ನು ಇಂಗ್ಲಿಷ್‌ಗೆ ಮಾಡಿಸಿದಾಗ ಪುಟದ ಲೆಕ್ಕ. ನೋಟರಿ ಸೀಲಿಗೆ ಬೇರೆ. ಅಂದ ಹಾಗೆ ಇಲ್ಲಿ ಯಾರಾದರೂ ಆ ಥರ ಪತ್ರ ಮಾಡಿಕೊಡ್ತೀರಾ?

ಹಳೇ ಕರಡು
ಪೊನ್ನಪ್ಪಣ್ಣ, ಅದು ಬೇರೆ ಬಗೆಯ ಕೆಲಸ. ಆಸ್ತಿ ಪತ್ರದ ಪುಟಗಳು ಹೆಚ್ಚು ಕಡಿಮೆ ಒಂದೇ ತೂಕದವು. ಮ್ಯಾನ್ಯುಯಲ್‌ನಲ್ಲಿ ಒಂದು ಪುಟ ಬರೀ ಚಿತ್ರ, ಇನ್ನೊಂದು ಪುಟದಲ್ಲಿ 500 ಪದ. ನಿಮ್ಮದಕ್ಕೆ ಬೇರೆ ಎಳೆ ತೆರೆಯಿರಿ, ಯಾರಾದರೂ ಸಿಗುತ್ತಾರೆ.

ಗೋಣಿಕೊಪ್ಪದಿಂದ
ಫೋನ್ ಮಾಡಿ ಕೇಳಿದೆ, ಐಡಿಎಂಎಲ್ ಕಳಿಸಿದರು. ಅನುವಾದ ತಂತ್ರಾಂಶಕ್ಕೆ ಹಾಕಿ ಎಣಿಸಿದೆ. ಒಟ್ಟು ಅದೇ 64,000ದ ಹತ್ತಿರ. ಅದರಲ್ಲಿ ಬರೀ ಅಂಕಿ, ಪಾರ್ಟ್ ನಂಬರು 6,000. ಹಾಗೆಯೇ ಮರಳಿ ಬರುವ ವಾಕ್ಯಗಳು 10,000. ಒಂದೆರಡು ಪದ ಮಾತ್ರ ಬೇರೆ ಇರುವಂಥವು 8,000. ಪೂರ್ತಿ ಹೊಸದು 40,000. ಚಿತ್ರದೊಳಗಿನ ಹೆಸರುಗಳು ಪದರವಾಗಿ ಬೇರೆಯೇ ಇವೆ, ಎಣಿಕೆಯಲ್ಲಿ ಸೇರಿವೆ.

ಹಳೇ ಕರಡು
ಈಗ ಲೆಕ್ಕ ಹಾಕಬಹುದು. ಹೊಸ 40,000 ಪೂರ್ತಿ ತೂಕ. ಸ್ವಲ್ಪ ಬೇರೆ ಇರುವ 8,000ಕ್ಕೆ ಶೇ. 60 ಹಿಡಿದರೆ 4,800. ಮರಳಿ ಬರುವ 10,000ಕ್ಕೆ ಶೇ. 25 ಹಿಡಿದರೆ 2,500. ಅಂಕಿಗಳಿಗೆ ಸೊನ್ನೆ. ಅವನ್ನು ಪುಟ ನೋಡುವಾಗ ಹೇಗೂ ನೋಡುತ್ತೀರಿ. ಕೂಡಿದರೆ 47,300. ಅನುವಾದದ ಶ್ರಮ ಇಷ್ಟರದ್ದು.

ವೇಗಕ್ಕೆ ಬರೋಣ. ದಿನಕ್ಕೆ 2,000 ಎನ್ನುವುದು ಪರಿಚಿತ ವಿಷಯಕ್ಕೆ, ಪದಪಟ್ಟಿ ಕೈಯಲ್ಲಿರುವಾಗ ಸರಿ. ಇಂಗ್ಲಿಷಿನಲ್ಲಿ ಉದ್ದಕ್ಕೆ ಹೆಣೆದ ತಾಂತ್ರಿಕ ವಾಕ್ಯವನ್ನು ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವ ಹಾಗೆ ಬಿಡಿಸಿ ಕಟ್ಟಬೇಕು. "ಇಂಥದ್ದು ಆಗುವ ತನಕ ಇದನ್ನು ಮಾಡಬೇಡಿ" ಎಂಬ ಸುರಕ್ಷತೆಯ ಸೂಚನೆಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಅನುಮಾನಕ್ಕೆ ಎಡೆ ಇರಬಾರದು. ಹಾಗಾಗಿ ಈ 47,300ರಲ್ಲಿ ಮೊದಲ 8,000ಕ್ಕೆ ದಿನಕ್ಕೆ 1,000, ಮಿಕ್ಕ 39,300ಕ್ಕೆ ದಿನಕ್ಕೆ 1,500 ಹಿಡಿಯಿರಿ. ಎಂಟು ದಿನ ಮತ್ತು ಇಪ್ಪತ್ತಾರು ದಿನ, ಒಟ್ಟು 34. ದಿನ ಅಂದರೆ ನಿಜವಾಗಿ ಕೆಲಸ ಸಾಗುವ ಆರು ಗಂಟೆ. ಕುರ್ಚಿಯಲ್ಲಿ ಕೂತ ಹತ್ತು ಗಂಟೆಯ ಲೆಕ್ಕ ಅಲ್ಲ.

ಗೋಣಿಕೊಪ್ಪದಿಂದ
ನನ್ನದೂ 32 ದಿನವೇ ಇತ್ತಲ್ಲ?

ಹಳೇ ಕರಡು
ನಿಮ್ಮ 32ರಲ್ಲಿ ಎಲ್ಲವೂ ಸೇರಿತ್ತು. ಈ 34 ಬರೀ ಅನುವಾದಕ್ಕೆ.

ಪರಿಭಾಷೆ ನೋಡಿ. 450 ಪದ ಸಿಕ್ಕಿತು ಅಂದುಕೊಳ್ಳಿ. ಅದರಲ್ಲಿ 250 ಸುಲಭದವು. ಬೋಲ್ಟು, ಬೇರಿಂಗು, ಪಲ್ಪರ್ ಎಲ್ಲರ ಬಾಯಲ್ಲೂ ಇರುವುದೇ. ಆದರೂ ಪಟ್ಟಿಗೆ ಹಾಕಿ, ಒಂದು ಮಾದರಿ ವಾಕ್ಯ ಬರೆದು, ಕಾಗುಣಿತ ಒಂದೇ ರೂಪಕ್ಕೆ ತರಲು ತಲಾ ಐದು ನಿಮಿಷ ಬೇಕು. ಅಲ್ಲಿಗೆ 21 ಗಂಟೆ. 150 ಪದಕ್ಕೆ ಚಿತ್ರ ನೋಡಿ, ಬೇರೆ ಯಂತ್ರದ ಕನ್ನಡ ಕೈಪಿಡಿ ಹೋಲಿಸಿ ನಿರ್ಧರಿಸಬೇಕು, ತಲಾ 20 ನಿಮಿಷ, 50 ಗಂಟೆ. ಉಳಿದ 50 ಪದಕ್ಕೆ ಎಂಜಿನಿಯರನ್ನೋ ಯಂತ್ರ ಓಡಿಸುವವರನ್ನೋ ಕೇಳದೆ ಆಗುವುದಿಲ್ಲ. ಪ್ರಶ್ನೆ ಬರೆದು, ಫೋನ್ ಮಾಡಿ, ಉತ್ತರವನ್ನು ಪಟ್ಟಿಗೆ ಏರಿಸಲು ತಲಾ 45 ನಿಮಿಷ, 37 ಗಂಟೆ ಚಿಲ್ಲರೆ. ಒಟ್ಟು 108 ಗಂಟೆ, ಅಂದರೆ 18 ದಿನ.

ಮಡಿಕೇರಿ ಮಂಜು
18 ದಿನ ಪದ ಹುಡುಕೋದಕ್ಕಾ! ಯಾರೂ ಒಪ್ಪಲ್ಲ. ಐದು ಸಲಕ್ಕಿಂತ ಹೆಚ್ಚು ಬರುವ ಪದಗಳನ್ನು ಮಾತ್ರ ಪಟ್ಟಿ ಮಾಡಿ, ಮಿಕ್ಕಿದ್ದು ಅನುವಾದ ಮಾಡ್ತಾ ಮಾಡ್ತಾ ನೋಡಿಕೊಂಡರಾಯ್ತು.

ಪೊನ್ನಂಪೇಟೆ ಶಾರದಾ
ಮಂಜು ಹೇಳಿದ್ದು ಅರ್ಧ ಸರಿ. ಎಷ್ಟು ಸಲ ಬರುತ್ತದೆ ಎನ್ನುವುದರ ಪ್ರಕಾರ ಜೋಡಿಸಿ ಮೇಲಿನಿಂದ ಶುರು ಮಾಡುವುದು ಒಳ್ಳೆಯದೇ. ಆದರೆ ಎಚ್ಚರಿಕೆ ಸೂಚನೆಗಳಲ್ಲಿ ಬರುವ ಪದ ಒಂದೇ ಸಲ ಬಂದರೂ ಮೊದಲ ಪಟ್ಟಿಯಲ್ಲೇ ಇರಬೇಕು.

ಇನ್ನೊಂದು, ಒಂದೇ ಇಂಗ್ಲಿಷ್ ಪದ ಎರಡು ಮೂರು ಅರ್ಥದಲ್ಲಿ ಬರುತ್ತದೆ. ಕ್ಲಿಯರೆನ್ಸ್ ಅಂತ ನೂರು ಕಡೆ ಇದ್ದರೆ ಕೆಲವು ಕಡೆ ಡ್ರಮ್ಮಿಗೂ ಬ್ರೆಸ್ಟ್ ಪ್ಲೇಟಿಗೂ ನಡುವಿನ ಸಂದು, ಕೆಲವು ಕಡೆ ಯಂತ್ರದ ಸುತ್ತ ಬಿಡಬೇಕಾದ ಜಾಗ. ಎಣಿಕೆಯಲ್ಲಿ ಅದು ಒಂದೇ ಸಾಲು, ಕೆಲಸದಲ್ಲಿ ಎರಡು ಪದ. ಸಂದಿನ ಅಳತೆ ತಪ್ಪಾಗಿ ಓದಿಕೊಂಡರೆ ಬೀಜ ಕತ್ತರಿಸುತ್ತದೆ, ಇಲ್ಲವೇ ಸಿಪ್ಪೆ ಬಿಡುವುದಿಲ್ಲ. ಆದ್ದರಿಂದ ಪಟ್ಟಿ ತೆಗೆದ ಮೇಲೆ ಪ್ರತಿ ಪದದ ನಾಲ್ಕೈದು ವಾಕ್ಯಗಳನ್ನಾದರೂ ಕಣ್ಣಾಡಿಸಿ.

ಸುಂಟಿಕೊಪ್ಪ ರೈಟರ್
ಓದುವವರ ಕಡೆಯಿಂದ ಒಂದು ಮಾತು. ತೋಟದಲ್ಲಿ ಯಾರೂ ಹೇಳದ ಸಂಸ್ಕೃತ ಪದ ಹಾಕಿದರೆ ಆ ಪುಸ್ತಕ ಶೆಡ್ಡಿನ ಅಟ್ಟಕ್ಕೆ ಹೋಗುತ್ತದೆ. ಪಟ್ಟಿ ಆದ ಮೇಲೆ ಮಿಷನ್ ಓಡಿಸುವ ಮೂರು ನಾಲ್ಕು ಜನಕ್ಕೆ ಚಿತ್ರ ತೋರಿಸಿ, ಇದಕ್ಕೆ ಏನಂತೀರಿ ಅಂತ ಕೇಳಿ. ಅರ್ಧ ದಿನದ ಕೆಲಸ. ಹುದುಗು, ಲೋಳೆ, ಒಣಗಿಸುವ ಕಣದ ವಿಷಯಕ್ಕಾದರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲೂ ವಿಚಾರಿಸಬಹುದು.

ಇನ್ನು ಮುಖ್ಯ ವಿಷಯ. ಅವರ ಕಡೆ ಪರಿಶೀಲನೆ ಯಾರು ಮಾಡುವುದು? ತೋಟದ ಮ್ಯಾನೇಜರ್ ಅಂತಾದರೆ ಡಿಸೆಂಬರಿನಿಂದ ಫೆಬ್ರವರಿ ತನಕ ಕೈಗೆ ಸಿಗುವುದಿಲ್ಲ. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ ಕುಯ್ಲು.

ಹಳೇ ಕರಡು
ಒಳ್ಳೇ ಮಾತು ರೈಟರೇ. ಕ್ಯಾಲೆಂಡರಿನ ದಿನ ಬೇರೆ, ನಮ್ಮ ಕೆಲಸದ ದಿನ ಬೇರೆ ಎನ್ನುವುದನ್ನು ಅನುವಾದಕರೇ ಮರೆಯುತ್ತಾರೆ.

ಉಳಿದ ಲೆಕ್ಕ ಮುಗಿಸುತ್ತೇನೆ. ಅನುವಾದ ಆದ ಮೇಲೆ ಮೂಲದ ಜೊತೆ ಇಟ್ಟು ಸಾಲುಸಾಲಾಗಿ ಹೋಲಿಸಿ ತಿದ್ದಬೇಕು. ಇದಕ್ಕೆ ರಿಯಾಯಿತಿ ಇಲ್ಲ, ಮರಳಿ ಬಂದ ವಾಕ್ಯಗಳನ್ನೂ ನೋಡಬೇಕು. ಅಂಕಿ ಬಿಟ್ಟು 58,000 ಪದ, ದಿನಕ್ಕೆ 4,500ರಂತೆ 13 ದಿನ. ಅವರ ಮೊದಲ ಸುತ್ತಿನ ಟಿಪ್ಪಣಿ ಅಳವಡಿಸಲು 5, ಎರಡನೆಯದಕ್ಕೆ 2, ಪುಟ ಕಟ್ಟಿದ ಮೇಲೆ ದಿನಕ್ಕೆ 70 ಪುಟದಂತೆ ನೋಡಲು 3. ಕೂಡಿ: 18, 34, 13, 5, 2, 3. ಒಟ್ಟು 75. ಕರೆಂಟು, ಮಳೆ, ಜ್ವರ, ಅವರು ನಡುವೆ ಕಳಿಸುವ "ಪರಿಷ್ಕೃತ ಅಧ್ಯಾಯ" ಎಲ್ಲಕ್ಕೂ ಸೇರಿ ಇನ್ನೊಂದು 10. ವಾರಕ್ಕೆ ಆರು ದಿನ ದುಡಿದರೂ 85 ದಿನ ಅಂದರೆ ಹದಿನಾಲ್ಕು ವಾರ. ಅವರು ಕಡತ ಇಟ್ಟುಕೊಂಡು ಕೂರುವ ದಿನಗಳು ಇದರ ಹೊರಗೆ.

ಗೋಣಿಕೊಪ್ಪದಿಂದ
ಅಬ್ಬಾ. ಆರು ವಾರದಲ್ಲಿ ಸಾಧ್ಯವೇ ಇಲ್ಲ ಹಾಗಾದರೆ.

ಸೋಮವಾರಪೇಟೆ ಲೆಕ್ಕಿಗ
ದುಡ್ಡಿನ ಕಡೆ ನೋಡಿ ಅಕ್ಕ. 96,000ವನ್ನು 85 ದಿನಕ್ಕೆ ಭಾಗಿಸಿದರೆ ದಿನಕ್ಕೆ 1,130 ರೂಪಾಯಿ ಬೀಳುತ್ತದೆ. ಅದರಲ್ಲೇ ಇಂಟರ್‌ನೆಟ್ಟು, ಯುಪಿಎಸ್ ಬ್ಯಾಟರಿ, ಎಲ್ಲ.

ಪದದ ದರದಿಂದ ಶುರು ಮಾಡಬೇಡಿ. ದಿನಕ್ಕೆ ನಿಮಗೆ ಎಷ್ಟು ಬರಬೇಕು ಅಂತ ಮೊದಲು ತೀರ್ಮಾನಿಸಿ. 3,000 ಅಂದುಕೊಂಡರೆ 85 ದಿನಕ್ಕೆ 2,55,000. ಅದನ್ನು 64,000ಕ್ಕೆ ಭಾಗಿಸಿದರೆ ಪದಕ್ಕೆ ಹತ್ತಿರ ಹತ್ತಿರ ನಾಲ್ಕು ರೂಪಾಯಿ. ಗಿರಾಕಿಗೆ ಪದದ ದರ ಬೇಕಿದ್ದರೆ ಆ ನಾಲ್ಕನ್ನು ತೋರಿಸಿ. ಮತ್ತು ಇದು ಎಲ್ಲ ಸೇರಿದ ದರ, ಇದರ ಮೇಲೆ ಮತ್ತೆ ಪುನರಾವರ್ತನೆಯ ರಿಯಾಯಿತಿ ಇಲ್ಲ ಅಂತ ಬರೆಯಿರಿ. ಇಲ್ಲದಿದ್ದರೆ ಆ 10,000 ಪದವನ್ನು ಅವರು ಇನ್ನೊಮ್ಮೆ ಕಳೆಯುತ್ತಾರೆ.

ಬಿಲ್ಲಿನಲ್ಲಿ ಸಾಮಾನ್ಯವಾಗಿ ಶೇ. 10 ಟಿಡಿಎಸ್ ಹಿಡಿಯುತ್ತಾರೆ. ಅದು ಖರ್ಚಲ್ಲ, ರಿಟರ್ನ್ ಹಾಕಿದಾಗ ನಿಮ್ಮ ತೆರಿಗೆಗೆ ಜಮಾ ಆಗುತ್ತದೆ. ಆದರೆ ಕೈಗೆ ಬರುವಾಗ ಅಷ್ಟು ಕಡಿಮೆ ಅಂತ ತಿಳಿದಿರಲಿ.

ಮಡಿಕೇರಿ ಮಂಜು
ಇಷ್ಟೆಲ್ಲ ಊಹೆ ಬೇಡ. ಮೊದಲ ಅಧ್ಯಾಯದ ಒಂದು ಸಾವಿರ ಪದ ಮಾಡಿ ಗಡಿಯಾರ ನೋಡಿ, 64ರಿಂದ ಗುಣಿಸಿ.

ಪೊನ್ನಂಪೇಟೆ ಶಾರದಾ
ಗಡಿಯಾರ ಸರಿ, ಮೊದಲ ಅಧ್ಯಾಯ ತಪ್ಪು. ಮೊದಲ ಅಧ್ಯಾಯದಲ್ಲಿ "ನಮ್ಮ ಯಂತ್ರ ಕೊಂಡದ್ದಕ್ಕೆ ಧನ್ಯವಾದ" ಇರುತ್ತದೆ. ಸುರಕ್ಷತೆ, ವಿದ್ಯುತ್, ನಿರ್ವಹಣೆ ಮೂರರ ನಡುವಿನಿಂದ ತಲಾ 500 ಪದ ತೆಗೆಯಿರಿ. ಸುರಕ್ಷತೆಗೆ 2 ಗಂಟೆ, ವಿದ್ಯುತ್ತಿಗೆ 4, ನಿರ್ವಹಣೆಗೆ ಎರಡೂವರೆ ಹಿಡಿಯಿತು ಅಂದುಕೊಳ್ಳಿ. 1,500 ಪದಕ್ಕೆ ಎಂಟೂವರೆ ಗಂಟೆ. ಆರು ಗಂಟೆಯ ದಿನಕ್ಕೆ 1,050ರ ಆಸುಪಾಸು.

ಆದರೆ ಇಲ್ಲೇ ಒಂದು ಮೋಸ ಇದೆ. ಆ ಎಂಟೂವರೆ ಗಂಟೆಯಲ್ಲಿ ಪದ ಹುಡುಕಿದ್ದೂ ಸೇರಿರುತ್ತದೆ. ಈ ವೇಗವನ್ನೇ ಹಿಡಿದು, ಮೇಲೆ ಪರಿಭಾಷೆಗೆ 18 ದಿನ ಸೇರಿಸಿದರೆ ಒಂದೇ ಕೆಲಸಕ್ಕೆ ಎರಡು ಸಲ ಸಮಯ ಹಾಕಿದ ಹಾಗೆ. ಮಾದರಿ ಭಾಗದ ಪದಗಳನ್ನು ಮೊದಲು ಹುಡುಕಿ ಇಟ್ಟುಕೊಂಡು, ಆ ಸಮಯ ಬೇರೆ ಬರೆದು, ಆಮೇಲೆ ಅನುವಾದಕ್ಕೆ ಗಡಿಯಾರ ಶುರು ಮಾಡಿ. ಎರಡೂ ವೇಗ ಬೇರೆಬೇರೆ ಸಿಗುತ್ತದೆ. ಕರಡು ಅವರ ಐದು, ಇಪ್ಪತ್ತು, ನಲವತ್ತೈದು ನಿಮಿಷ ನಿಮಗೆ ಎಷ್ಟು ಹೊಂದುತ್ತದೆ ಅಂತಲೂ ಗೊತ್ತಾಗುತ್ತದೆ.

ಹಳೇ ಕರಡು
ಒಪ್ಪಿದೆ. ನನ್ನ ನಿಮಿಷಗಳು ನಿಮ್ಮವಾಗಬೇಕೆಂದಿಲ್ಲ. ಮಾದರಿಗೆ ಒಂದು ದಿನ ಬೇಕು, ಅದಕ್ಕಾಗಿ ಕೊಟೇಶನ್ ಒಂದು ದಿನ ತಡವಾದರೂ ಪರವಾಗಿಲ್ಲ.

ಕುಶಾಲನಗರ ಡಿಟಿಪಿ
ಯಾವ ಪದದ ಮೇಲೆ ದರ ಅಂತಲೂ ಬರೆಯಿರಿ. ಇಂಗ್ಲಿಷಿನ ಮೂರು ಪದ ಕನ್ನಡದಲ್ಲಿ "ಯಂತ್ರದ" ಅಂತ ಒಂದೇ ಆಗುತ್ತದೆ. 64,000 ಇಂಗ್ಲಿಷ್ ಪದ ಕನ್ನಡಕ್ಕೆ ಬಂದಾಗ ನಾಲ್ಕರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಕೆಲವೊಮ್ಮೆ ಅದಕ್ಕಿಂತಲೂ ಜಾಸ್ತಿ. "ಮುಗಿದ ಮೇಲೆ ಕನ್ನಡ ಪದ ಎಣಿಸಿ ಕೊಡೋಣ" ಅಂದರೆ ಅದೇ ದರದಲ್ಲಿ ಕಾಲು ಭಾಗ ಹೋಯಿತು.

ಗೋಣಿಕೊಪ್ಪದಿಂದ
ಪರಿಶೀಲನೆಯ ಸುತ್ತಿನ ಬಗ್ಗೆ ಹೇಳಿ. ಐದು ದಿನ, ಎರಡು ದಿನ ಸಾಲುತ್ತದೆಯೇ?

ಪೊನ್ನಂಪೇಟೆ ಶಾರದಾ
ಕಟ್ಟು ಹಾಕಿದರೆ ಮಾತ್ರ ಸಾಲುತ್ತದೆ. ಅತಿ ದೊಡ್ಡ ಅಪಾಯ ಪದಪಟ್ಟಿ ಒಪ್ಪಿದ ಮೇಲೆ ಅವರಲ್ಲಿ ಇನ್ನೊಬ್ಬರು ಬಂದು "ಬೆಲ್ಟ್ ಬೇಡ, ಪಟ್ಟಿ ಅನ್ನಿ" ಅನ್ನುವುದು. ಇಂಗ್ಲಿಷಿನಲ್ಲಾದರೆ ಹುಡುಕಿ ಬದಲಿಸಿದರೆ ಬಹುಮಟ್ಟಿಗೆ ಮುಗಿಯಿತು. ಕನ್ನಡದಲ್ಲಿ ಬೆಲ್ಟನ್ನು, ಬೆಲ್ಟಿಗೆ, ಬೆಲ್ಟಿನ ಅಂತ ವಿಭಕ್ತಿ ಅಂಟಿಕೊಂಡಿರುತ್ತದೆ. ಅವು ಪಟ್ಟಿಯನ್ನು, ಪಟ್ಟಿಗೆ, ಪಟ್ಟಿಯ ಆಗಬೇಕು. ಒಂದೇ ಏಟಿಗೆ ಬದಲಿಸಿದರೆ "ಪಟ್ಟಿಿನ" ಥರದ ವಿಕಾರ ಹುಟ್ಟುತ್ತದೆ. ಒಂದು ಪದ 200 ಕಡೆ ಇದ್ದರೆ ಒಂದೊಂದನ್ನೂ ಕಣ್ಣಲ್ಲಿ ನೋಡಿ ತಿದ್ದಬೇಕು. ತಲಾ ಒಂದು ನಿಮಿಷ ಅಂದರೂ ಮೂರು ಗಂಟೆಗೂ ಮೀರಿತು. ಇಂಥ ಹತ್ತು ಪದ ಬದಲಾದರೆ ನಿಮ್ಮ ಐದು ದಿನ ಅಲ್ಲಿಗೇ ಖಾಲಿ.

ಆದ್ದರಿಂದ ಪದಪಟ್ಟಿಗೆ ಅವರ ಸಹಿ ಬಿದ್ದ ಮೇಲೆಯೇ ಅನುವಾದ ಶುರು. ಆಮೇಲೆ ಬದಲಿಸಿದರೆ ಗಂಟೆ ಲೆಕ್ಕ. ಟಿಪ್ಪಣಿ ಎಲ್ಲ ಒಬ್ಬರ ಕೈಯಿಂದ, ಒಂದೇ ಹಾಳೆಯಲ್ಲಿ ಬರಲಿ. ಅದರಲ್ಲಿ ತಪ್ಪು ಮತ್ತು ಇಷ್ಟ ಅಂತ ಎರಡು ಕಾಲಂ ಇರಲಿ. ತಪ್ಪಿದ್ದರೆ ಎಷ್ಟು ಸಲವಾದರೂ ಪುಕ್ಕಟೆ ತಿದ್ದಿ. "ಇದಕ್ಕಿಂತ ಅದು ಚೆಂದ" ಎನ್ನುವುದಕ್ಕೆ ಒಂದು ಮಿತಿ. ಎರಡನೇ ಸುತ್ತಿನಲ್ಲಿ ಮೊದಲ ಸುತ್ತಿನ ಬದಲಾವಣೆಗಳನ್ನು ಮಾತ್ರ ನೋಡುವುದು, ಪುಸ್ತಕ ಮತ್ತೆ ಮೊದಲಿನಿಂದ ತೆರೆಯುವ ಹಾಗಿಲ್ಲ.

ಸುಂಟಿಕೊಪ್ಪ ರೈಟರ್
ಹತ್ತು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿದ ಹಾಗೆ ಅಂತ ಬರೆದರೆ?

ಪೊನ್ನಂಪೇಟೆ ಶಾರದಾ
ಬರೆಯಬಹುದು, ಆದರೆ ಸುರಕ್ಷತೆಯ ಅಧ್ಯಾಯಕ್ಕೆ ನನಗೆ ಸರಿ ಕಾಣುವುದಿಲ್ಲ. ಅದನ್ನು ಎಂಜಿನಿಯರ್ ಓದಲೇಬೇಕು. ಹತ್ತು ದಿನ ಮೀರಿದರೆ ನಮ್ಮ ಗಡುವೂ ಅಷ್ಟೇ ಮುಂದೆ ಹೋಗುತ್ತದೆ, ಕಂತು ಮಾತ್ರ ಹೇಳಿದ ತಾರೀಖಿಗೇ ಬರಬೇಕು ಅಂತ ಬರೆಯುವುದು ಮೇಲು.

ಸೋಮವಾರಪೇಟೆ ಲೆಕ್ಕಿಗ
ಕಂತು: ಪದಪಟ್ಟಿಗೆ ಸಹಿ ಬಿದ್ದಾಗ ಶೇ. 30, ಪೂರ್ತಿ ಕರಡು ಕೊಟ್ಟಾಗ 40, ಎರಡನೇ ಸುತ್ತಿನ ತಿದ್ದುಪಡಿ ಒಪ್ಪಿಸಿದಾಗ 30. "ಪ್ರಿಂಟ್ ಆದ ಮೇಲೆ" ಎನ್ನುವ ಷರತ್ತು ಬೇಡವೇ ಬೇಡ. ಪ್ರಿಂಟ್ ಯಾವಾಗ ಅಂತ ಅವರಿಗೇ ಗೊತ್ತಿರುವುದಿಲ್ಲ.

ಮಡಿಕೇರಿ ಮಂಜು
ಇಬ್ಬರು ಸೇರಿ ಮಾಡಿದರೆ ಆರು ವಾರದಲ್ಲಿ ಮುಗಿಯಲ್ವಾ?

ಹಳೇ ಕರಡು
34 ಇದ್ದದ್ದು 17 ಆಗುತ್ತದೆ, ಅಷ್ಟೇ. ಪದಪಟ್ಟಿಯ 18 ದಿನ ಮೊದಲೇ ಆಗಬೇಕು. ಇಬ್ಬರ ಶೈಲಿ ಒಂದು ಮಾಡಲು ತಿದ್ದುವ 13 ದಿನ ಬೆಳೆಯುತ್ತದೆ. ಹೆಚ್ಚೆಂದರೆ ಎರಡು, ಎರಡೂವರೆ ವಾರ ಉಳಿಯಬಹುದು. ಆದರೆ ಒಬ್ಬರು ಅನುವಾದಿಸಿ ಇನ್ನೊಬ್ಬರು ತಿದ್ದುವುದು ಬೇರೆ ವಿಷಯ. ಐಎಸ್‌ಒ 17100 ಎನ್ನುವ ಅನುವಾದದ ಮಾನದಂಡ ಕೂಡ ತಿದ್ದುವವರು ಬೇರೆಯವರೇ ಇರಬೇಕು ಅನ್ನುತ್ತದೆ. ಹಾಗೆ ಮಾಡಿದರೆ ಆ 13 ದಿನದ ಹಣ ಅವರಿಗೆ ಹೋಗಬೇಕು.

ಆರು ವಾರಕ್ಕೆ ಬೇರೆ ದಾರಿ ಇದೆ. ಕುಯ್ಲಿಗೆ ಮೊದಲು ಆಪರೇಟರ್‌ಗಳಿಗೆ ನಿಜವಾಗಿ ಬೇಕಾದ್ದು ಸುರಕ್ಷತೆ, ದಿನಾ ಯಂತ್ರ ಓಡಿಸುವುದು, ತೊಳೆದು ಸ್ವಚ್ಛ ಮಾಡುವ ಭಾಗ ಮಾತ್ರ. ಅದು 18,000 ಪದ ಇದ್ದು, ಪುನರಾವರ್ತನೆ ಕಳೆದು 14,000 ಆಯಿತು ಅಂದುಕೊಳ್ಳಿ. ಅದರ ಪದಪಟ್ಟಿಗೆ 8 ದಿನ, ಅನುವಾದಕ್ಕೆ 12, ತಿದ್ದಲು 4, ಟಿಪ್ಪಣಿಗೆ 2, ಪುಟಕ್ಕೆ 1. ಒಟ್ಟು 27. ನಡುವೆ ಅವರಿಗೆ ಓದಲು ಒಂದು ವಾರ ಕೊಟ್ಟರೂ ಆರು ವಾರದೊಳಗೆ ಬರುತ್ತದೆ. ಬಿಗಿ ಇದೆ, ಆದರೆ ಆಗುತ್ತದೆ. ಜೋಡಣೆ, ವಿದ್ಯುತ್, ಬಿಡಿಭಾಗ ಆಮೇಲೆ.

ಗೋಣಿಕೊಪ್ಪದಿಂದ
ಇದು ಹೇಳಬಹುದಾದ ಮಾತು. ನಾಳೆ ಮಾದರಿ 1,500 ಪದ ಮಾಡಿ ನೋಡುತ್ತೇನೆ. ಒಂದು ಅನುಮಾನ ಉಳಿದಿದೆ: ಮರಳಿ ಬರುವ ವಾಕ್ಯಕ್ಕೆ ಶೇ. 25 ಕೂಡ ಯಾಕೆ ಕೊಡಬೇಕು, ಯಂತ್ರವೇ ತುಂಬುತ್ತದಲ್ಲ ಅಂತ ಅವರು ಕೇಳಿದರೆ?

ಪೊನ್ನಂಪೇಟೆ ಶಾರದಾ
ಒಂದೇ ಪದವಿರುವ ಸಾಲುಗಳನ್ನು ತೋರಿಸಿ. ಪಟ್ಟಿಯಲ್ಲಿ "ಫಿಲ್ಟರ್" ಅಂದರೆ ಬಿಡಿಭಾಗ, ಪ್ಯಾನೆಲ್ ಪರದೆಯಲ್ಲಿ ಅದೇ ಪದ ಒತ್ತುವ ಗುಂಡಿ. ಯಂತ್ರ ತುಂಬಿದ್ದು ಎಲ್ಲಿ ಸರಿ, ಎಲ್ಲಿ ತಪ್ಪು ಅಂತ ಮನುಷ್ಯರೇ ನೋಡಬೇಕು. ನಾನಾದರೆ ಶೇ. 30ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಸೋಮವಾರಪೇಟೆ ಲೆಕ್ಕಿಗ
ನಾನು ಒಪ್ಪಲ್ಲ. ಮರಳಿ ಬರುವ ವಾಕ್ಯ ಹೆಚ್ಚಾಗಿ ಎಚ್ಚರಿಕೆ ಸೂಚನೆಗಳೇ, ಅಕ್ಷರಶಃ ಒಂದೇ. ಅದಕ್ಕೆ 15 ಸಾಕು, ಬದಲಿಗೆ ಪದಪಟ್ಟಿಗೆ ಬೇರೆ ಸಾಲಿನಲ್ಲಿ ಬಿಲ್ ಹಾಕಿ. ಕಣ್ಣಿಗೆ ಕಾಣುವ ಕೆಲಸಕ್ಕೆ ಗಿರಾಕಿ ಬೇಗ ದುಡ್ಡು ಬಿಚ್ಚುತ್ತಾನೆ.

ಹಳೇ ಕರಡು
ಪದಪಟ್ಟಿಗೆ ಬೇರೆ ಬಿಲ್ ಹಾಕಿದರೆ ಅದು ಅವರ ಸ್ವತ್ತಾಗುತ್ತದೆ, ಮುಂದಿನ ಯಂತ್ರಕ್ಕೆ ಇನ್ನೊಬ್ಬರ ಕೈಗೂ ಕೊಡಬಹುದು. ಅದನ್ನು ಯೋಚಿಸಿಯೇ ಬೆಲೆ ಹೇಳಿ.

ವಿರಾಜಪೇಟೆ ಪೊನ್ನಪ್ಪ
ಬೇರೆ ಎಳೆ ತೆರೆದಿದ್ದೇನೆ, ಜಮ್ಮಾ ಪತ್ರದ್ದು. ಒಟ್ಟು ಹದಿನೇಳು ಪುಟ, ಕೈಬರಹ. ಯಾರಾದರೂ ನೋಡಿ.